ನ್ಯೂಟನ್–ರಾಫ್ಸನ್ ಕೋಷ್ಟಕದ ಮೌಲ್ಯಮಾಪನ: ಎಲ್ಲಿ ನಿಲ್ಲಿಸಬೇಕು, ಎಷ್ಟು ಅಂಕಿ ಉಳಿಸಬೇಕು

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಮೊದಲ ವರ್ಷದ ಗಣಿತದಲ್ಲಿ ನ್ಯೂಟನ್–ರಾಫ್ಸನ್ ವಿಧಾನ ಪಾಠವಾಗಿದೆ. ಚಿತ್ರದುರ್ಗದ ಎಸ್‌ಜೆಎಂ ತಾಂತ್ರಿಕ ವಿದ್ಯಾಲಯ, ಚಳ್ಳಕೆರೆಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಬರೆಯುವುದೂ ಇದೇ ವಿಶ್ವವಿದ್ಯಾಲಯದ ಪರೀಕ್ಷೆಯನ್ನು. ಉತ್ತರಪತ್ರಿಕೆಗಳು ಸ್ಕ್ಯಾನ್ ಆಗಿ ಮೌಲ್ಯಮಾಪಕರ ಕಂಪ್ಯೂಟರ್ ಪರದೆಯ ಮೇಲೆ ತೆರೆದುಕೊಳ್ಳುತ್ತವೆ. ಅಲ್ಲಿ ಕಾಣುವ ಕೈಬರಹದ ಕೋಷ್ಟಕದ ಕೊನೆಯ ಸಾಲಿನಲ್ಲಿ ಸರಿಯಾದ ಉತ್ತರ ಇದ್ದ ಮಾತ್ರಕ್ಕೆ ಕೋಷ್ಟಕ ಸರಿ ಎನ್ನುವಂತಿಲ್ಲ. ಅದೇಕೆ ಎಂಬುದು ಒಂದು ಹಳೆಯ, ಎಲ್ಲರಿಗೂ ಪರಿಚಿತವಾದ ಲೆಕ್ಕದಲ್ಲಿ ಚೆನ್ನಾಗಿ ಕಾಣುತ್ತದೆ: x sin x + cos x = 0 ಸಮೀಕರಣಕ್ಕೆ π ಹತ್ತಿರ ಇರುವ ಮೂಲವನ್ನು ನಾಲ್ಕು ದಶಮಾಂಶ ಸ್ಥಾನಗಳವರೆಗೆ ಸರಿಯಾಗಿ ಕಂಡುಹಿಡಿಯಬೇಕು.

ಇಲ್ಲಿ f(x) = x sin x + cos x. ಡೆರಿವೇಟಿವ್ ತೆಗೆದಾಗ sin x ಒಂದು ಕೂಡಿ ಒಂದು ಕಳೆದು ಹೋಗುತ್ತದೆ; ಉಳಿಯುವುದು f'(x) = x cos x ಮಾತ್ರ. ಪ್ರತಿ ಸಾಲಿನಲ್ಲೂ x ಬೆಲೆಯಿಂದ f/f' ಕಳೆದರೆ ಮುಂದಿನ x ಸಿಗುತ್ತದೆ. ಸರಿಯಾದ ಕೋಷ್ಟಕ ಹೀಗಿರುತ್ತದೆ:

```
n   x_n        f(x_n)      f'(x_n)    x_(n+1)
0   3.141593  -1.000000   -3.14159   2.823283
1   2.823283  -0.066186   -2.68146   2.798600
2   2.798600  -0.000564   -2.63559   2.798386
3   2.798386   0.000000   -2.63519   2.798386
```

ಉತ್ತರ 2.7984. ಬಹಳ ಜನ ಕೊನೆಯ ಸಾಲನ್ನು ಬರೆಯುವುದೇ ಇಲ್ಲ. ಮೂರನೆಯ ಇಟರೇಷನ್‌ನಲ್ಲಿ 2.7984 ಬಂದ ಕೂಡಲೇ, ಹಳೆಯ ಪ್ರಶ್ನೆಪತ್ರಿಕೆಗಳಿಂದ ಉತ್ತರ ಗೊತ್ತಿರುವುದರಿಂದ, ಅಡಿಗೆರೆ ಎಳೆದುಬಿಡುತ್ತಾರೆ. ಆ ಸಂಖ್ಯೆ ನಿಜಕ್ಕೂ ಸರಿಯಾಗಿಯೇ ಇದೆ. ಆದರೆ ಅಲ್ಲಿಯವರೆಗಿನ ಕೋಷ್ಟಕ ಅದನ್ನು ತೋರಿಸಿಕೊಟ್ಟಿಲ್ಲ. ಹಿಂದಿನ ಬೆಲೆ 2.7986, ಈಗಿನದು 2.7984, ನಾಲ್ಕನೆಯ ಸ್ಥಾನ ಇನ್ನೂ ಅಲುಗಾಡುತ್ತಿದೆ. ಎರಡು ಅನುಕ್ರಮ ಬೆಲೆಗಳು ನಾಲ್ಕು ಸ್ಥಾನಗಳಲ್ಲಿ ಒಂದೇ ಆದಾಗ ನಿಲ್ಲಬೇಕು ಎಂಬುದು ತರಗತಿಯ ನಿಯಮ. ಎರಡರ ವ್ಯತ್ಯಾಸ 0.00005ಕ್ಕಿಂತ ಕಡಿಮೆಯಾದಾಗ ನಿಲ್ಲಬೇಕು ಎಂದರೆ ಇನ್ನೂ ಗಟ್ಟಿಯಾಗುತ್ತದೆ. ನಾಲ್ಕನೆಯ ಇಟರೇಷನ್ ಬರೆದಾಗ ಮಾತ್ರ ಈ ನಿಯಮ ಪೂರೈಸುತ್ತದೆ. ಅದನ್ನು ಬಿಟ್ಟವರಿಗೆ ಆ ಹಂತದ ಅಂಕ ಹೋಗುವುದು ನ್ಯಾಯವೇ. ಉತ್ತರದ ಅಂಕವನ್ನು ಮಾತ್ರ ಕಡಿಯಬೇಕಿಲ್ಲ.

ನಾಲ್ಕನೆಯದನ್ನು ಬರೆಯದೆಯೂ ಸಮರ್ಥಿಸಿಕೊಳ್ಳುವ ಒಂದು ದಾರಿ ಇದೆ. 2.79835 ಮತ್ತು 2.79845 ಎಂಬ ಎರಡು ಬೆಲೆಗಳಲ್ಲಿ f ಲೆಕ್ಕ ಹಾಕಿದರೆ ಮೊದಲನೆಯದರಲ್ಲಿ ಧನ, ಎರಡನೆಯದರಲ್ಲಿ ಋಣ ಬರುತ್ತದೆ. ಹಾಗಾದರೆ ಮೂಲ ಇವೆರಡರ ನಡುವೆ ಇದೆ. ನಡುವಿನ ಯಾವ ಸಂಖ್ಯೆಯನ್ನು ರೌಂಡ್ ಮಾಡಿದರೂ 2.7984 ಆಗುತ್ತದೆ. ಇಷ್ಟು ಬರೆದ ವಿದ್ಯಾರ್ಥಿಗೆ ಪೂರ್ಣ ಅಂಕ ಸಲ್ಲಬೇಕು.

ರೌಂಡ್ ಮಾಡುವ ವಿಷಯದಲ್ಲಿ ಎರಡು ಬಗೆಯ ಕೊರತೆಗಳನ್ನು ಬೇರೆ ಬೇರೆಯಾಗಿ ನೋಡಬೇಕು. x ಬೆಲೆಯನ್ನು ಆರಂಭದ ಸಾಲುಗಳಲ್ಲಿ ಒರಟಾಗಿ ಬರೆದರೆ ದೊಡ್ಡ ಹಾನಿಯಿಲ್ಲ. 2.8233 ಬದಲು 2.82 ಎಂದು ಮುಂದುವರಿದರೂ ಮುಂದಿನ ಬೆಲೆ ಸುಮಾರು 2.79855 ಆಗಿ, ಅದರ ಮುಂದಿನದು 2.7984ಕ್ಕೇ ಬಂದು ನಿಲ್ಲುತ್ತದೆ. ಪ್ರತಿ ಸಾಲೂ ಹೊಸ ಆರಂಭದಂತೆ ಇರುವುದರಿಂದ ಈ ವಿಧಾನ ಹಿಂದಿನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. f ಬೆಲೆಯ ಕತೆ ಹಾಗಲ್ಲ. ಮೂಲದ ಹತ್ತಿರ, x = 2.7986 ಇರುವಾಗ, x sin x ಸುಮಾರು 0.9412, cos x ಸುಮಾರು -0.9418, ಹೆಚ್ಚುಕಡಿಮೆ ಸಮನಾದ ಎರಡು ಸಂಖ್ಯೆಗಳು ಒಂದನ್ನೊಂದು ಕಳೆದುಕೊಂಡು ಉಳಿಯುವ ಚೂರೇ f. sin, cos ಬೆಲೆಗಳನ್ನು ಮೂರೇ ಸ್ಥಾನಕ್ಕೆ, 0.336 ಮತ್ತು -0.942 ಎಂದು ಬರೆದರೆ f = -0.00167 ಆಗಿಬಿಡುತ್ತದೆ, ಅಂದರೆ ನಿಜವಾದ ಬೆಲೆಯ ಮೂರು ಪಟ್ಟು. ಆಗ ಮುಂದಿನ x 2.7980, ಅದರ ಮುಂದಿನದು 2.7984, ಮತ್ತೊಂದು ಸಾಲು ಬರೆದರೆ 2.7977. ಈ ಕೋಷ್ಟಕ ಎಷ್ಟು ಉದ್ದ ಹೋದರೂ ನಿಲ್ಲುವ ನಿಯಮವನ್ನು ಮುಟ್ಟುವ ಭರವಸೆಯಿಲ್ಲ. ಬೆಲೆ ಒಂದೆಡೆ ನೆಲೆಯಾಗದೆ ಮೂರನೆಯ, ನಾಲ್ಕನೆಯ ಸ್ಥಾನದಲ್ಲಿ ಆಚೀಚೆ ಓಡಾಡುತ್ತಿದ್ದರೆ ದೋಷ ವಿಧಾನದ್ದಲ್ಲ, f ಕಾಲಂನಲ್ಲಿ ಉಳಿಸಿಕೊಂಡ ಅಂಕಿಗಳದ್ದು. ನಾಲ್ಕು ಸ್ಥಾನದ ಉತ್ತರ ಬೇಕಾದಾಗ ಆರು ಸ್ಥಾನ ಇಟ್ಟುಕೊಂಡು ನಡೆಯುವುದು ಇದೇ ಕಾರಣಕ್ಕೆ.

ಕೊನೆಯ ಉತ್ತರ 2.7983 ಎಂದಿದ್ದರೆ ಕಾರಣ ಬಹುಮಟ್ಟಿಗೆ ಬೇರೆ: ವಿದ್ಯಾರ್ಥಿ 2.798386 ಅನ್ನು ರೌಂಡ್ ಮಾಡದೆ ನಾಲ್ಕನೆಯ ಸ್ಥಾನಕ್ಕೆ ಕತ್ತರಿಸಿದ್ದಾನೆ. ಹಿಂದಿನ ಸಾಲಿನಲ್ಲಿ ಆರು ಅಂಕಿಗಳು ಕಂಡರೆ ಇದು ಖಚಿತವಾಗುತ್ತದೆ.

ಎಲ್ಲಕ್ಕಿಂತ ಸುಲಭವಾಗಿ ಕಣ್ತಪ್ಪಿಸುವುದು ಡೆರಿವೇಟಿವ್‌ನ ತಪ್ಪು. ವಿದ್ಯಾರ್ಥಿ sin x ಕಳೆದುಹೋಗುವುದನ್ನು ಮರೆತು f' = sin x + x cos x ಎಂದು ಹಿಡಿದ ಎನ್ನೋಣ. π ಯಲ್ಲಿ sin ಸೊನ್ನೆಯಾದ್ದರಿಂದ ಮೊದಲ ಸಾಲು ಒಂದಿಷ್ಟೂ ಕೆಡುವುದಿಲ್ಲ, 2.8233 ಸರಿಯಾಗಿಯೇ ಬರುತ್ತದೆ. ಮುಂದೆ ಬರುವ ಬೆಲೆಗಳು 2.7953, 2.7988, 2.7983, 2.7984, 2.7984. ಕೊನೆಯ ಎರಡು ಬೆಲೆಗಳು ಒಂದೇ, ಉತ್ತರವೂ ಅದೇ. ಕೊನೆಯ ಸಾಲನ್ನಷ್ಟೇ ನೋಡುವವರು ಪೂರ್ಣ ಅಂಕ ಕೊಟ್ಟುಬಿಡುತ್ತಾರೆ. f ಸರಿಯಿರುವವರೆಗೆ, ಭಾಗಿಸುವ ಸಂಖ್ಯೆ ಸ್ವಲ್ಪ ತಪ್ಪಿದ್ದರೂ ಬೆಲೆ ಮೂಲದತ್ತಲೇ ಹೋಗುತ್ತದೆ, ಕೆಡುವುದು ವೇಗ. ಸರಿಯಾದ ಕೋಷ್ಟಕದಲ್ಲಿ ಅನುಕ್ರಮ ವ್ಯತ್ಯಾಸಗಳು 0.318, 0.0247, 0.00021 ಎಂದು ಇಳಿಯುತ್ತವೆ. ಮೂಲದ ಹತ್ತಿರ ಬಂದ ಮೇಲೆ ಪ್ರತಿ ವ್ಯತ್ಯಾಸವೂ ಹಿಂದಿನದರ ವರ್ಗದ ಸುಮಾರು 0.36 ಪಟ್ಟು, ಸರಿಯಾದ ಅಂಕಿಗಳ ಸಂಖ್ಯೆ ಸರಿಸುಮಾರು ಇಮ್ಮಡಿಯಾಗುತ್ತ ಹೋಗುತ್ತದೆ. ತಪ್ಪು ಡೆರಿವೇಟಿವ್‌ನ ಕೋಷ್ಟಕದಲ್ಲಿ ವ್ಯತ್ಯಾಸ ಪ್ರತಿ ಬಾರಿ ಸುಮಾರು ಏಳನೆಯ ಒಂದು ಭಾಗಕ್ಕಷ್ಟೇ ಇಳಿಯುತ್ತದೆ, ಬೆಲೆ ಮೂಲದ ಆಚೆ ಒಮ್ಮೆ, ಈಚೆ ಒಮ್ಮೆ ಬೀಳುತ್ತದೆ. x ಕಾಲಂ ಒಂದನ್ನೇ ಮೇಲಿಂದ ಕೆಳಗೆ ಓದಿದರೂ ಇದು ಗೊತ್ತಾಗುತ್ತದೆ, ಕ್ಯಾಲ್ಕುಲೇಟರ್ ಮುಟ್ಟಬೇಕಾಗಿಲ್ಲ.

ಕ್ಯಾಲ್ಕುಲೇಟರ್ ರೇಡಿಯನ್ ಬದಲು ಡಿಗ್ರಿಯಲ್ಲಿದ್ದರೆ ಗುರುತು ಮೊದಲ ಸಾಲಿನಲ್ಲೇ ಸಿಗುತ್ತದೆ. f(π) ಸರಿಯಾಗಿ -1 ಆಗಬೇಕು, ಡಿಗ್ರಿಯಲ್ಲಿ 1.1707 ಬರುತ್ತದೆ. ಅದರಿಂದ ಸಿಗುವ x₁ = 2.7684 ನೋಡಲು ನಂಬುವ ಹಾಗಿರುತ್ತದೆ, ಆದರೆ ಮುಂದಿನದು 2.3588ಕ್ಕೆ ಜಾರುತ್ತದೆ. ಅಷ್ಟಾದ ಮೇಲೂ ಕೊನೆಗೆ 2.7984 ಎಂದು ಬರೆದಿದ್ದರೆ ಆ ಉತ್ತರ ಕೋಷ್ಟಕದಿಂದ ಬಂದದ್ದಲ್ಲ.

ನಡುವೆ ಒಂದು ಸಾಲು ತಪ್ಪಿದ ಕೋಷ್ಟಕವನ್ನು ಪೂರ್ತಿ ಹೊಡೆದುಹಾಕುವುದು ಸರಿಯಲ್ಲ. ಪ್ರತಿ ಸಾಲನ್ನೂ ಆ ವಿದ್ಯಾರ್ಥಿಯೇ ಬರೆದ x ಬೆಲೆಯಿಂದ ಲೆಕ್ಕ ಹಾಕಿ ನೋಡಬೇಕು, ಮಾದರಿ ಉತ್ತರದ ಸಾಲಿನೊಂದಿಗೆ ಹೋಲಿಸಿ ಅಲ್ಲ. ಕಾಗದದ ಮೇಲೆ 2.8233 ಎಂದಿದ್ದು, ಕ್ಯಾಲ್ಕುಲೇಟರ್‌ನ Ans ಕೀಲಿಯಲ್ಲಿ ಪೂರ್ತಿ ಅಂಕಿಗಳು ಸಾಗಿಬಂದಿದ್ದರೂ ಮುಂದಿನ ಬೆಲೆ 2.7986 ಆಗಿಯೇ ಇರುತ್ತದೆ. ಆದ್ದರಿಂದ ಈ ಹಂತದಲ್ಲಿ ನಾಲ್ಕನೆಯ ಸ್ಥಾನ ತಾಳೆಯಾಗದಿದ್ದರೆ ಅದಕ್ಕೆ x ಅನ್ನು ನಾಲ್ಕು ಸ್ಥಾನಕ್ಕೆ ರೌಂಡ್ ಮಾಡಿದ್ದು ಕಾರಣವಲ್ಲ. ಆ ಸಾಲಿನ f ಅಥವಾ f' ಲೆಕ್ಕದಲ್ಲೇ ತಪ್ಪು ಹುಡುಕಬೇಕು.