ಗಾಯ ಕಾಣದ ಆಕಳನ್ನೂ ದೂರಿನಲ್ಲಿ ಬರೆಯಿರಿ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ನಮ್ಮ ಹೊಲಗಳಿಗೆ ಆನೆ ಬರುವುದಿಲ್ಲ. ಆದರೆ ನಾನು ಮೊದಲು ಕೆಲಸ ಮಾಡಿದ್ದು ಬಂಡೀಪುರ ಕಾಡಿನ ಅಂಚಿನ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ. ಅಲ್ಲಿ ಕಂಡ ಒಂದು ದೂರಿನ ಕಥೆ ನಮಗೂ ಉಪಯೋಗಕ್ಕೆ ಬರುತ್ತದೆ.

ಒಂದು ರಾತ್ರಿ ಎರಡು ಆನೆಗಳು ಒಬ್ಬ ಹಾಲು ಉತ್ಪಾದಕರ ಮೆಕ್ಕೆಜೋಳಕ್ಕೆ ನುಗ್ಗಿದವು. ಹೋಗುವಾಗ ಕೊಟ್ಟಿಗೆಯ ಗೋಡೆ ಕೆಡವಿದವು. ಓಡುವಾಗ ಬಿದ್ದು ರೈತರ ಮಣಿಕಟ್ಟು ಮುರಿಯಿತು. ಬೆಳಿಗ್ಗೆ ಅವರು ಅರಣ್ಯ ಕಚೇರಿಗೆ ಬರೆದದ್ದು ಎರಡೇ ಸಾಲು: ಆನೆ ಬಂದು ಬೆಳೆ ಹಾಳಾಗಿದೆ, ಪರಿಹಾರ ಕೊಡಿ.

ಗೋಡೆಯ ಪಕ್ಕ ಕಟ್ಟಿದ್ದ ಮಿಶ್ರತಳಿ ಆಕಳ ಬಗ್ಗೆ ಕೇಳಿದೆ. "ಗಾಯ ಏನೂ ಇಲ್ಲ ಸಾ, ಬರೀ ಹೆದರ್ಕಂಡದೆ" ಎಂದರು. ಹೋಗಿ ನೋಡಿದರೆ ಆಕಳು ಬೆನ್ನು ಬಾಗಿಸಿ ನಿಂತಿತ್ತು, ಮೆಲುಕು ನಿಲ್ಲಿಸಿತ್ತು. ಕಿವಿ ತಣ್ಣಗಿತ್ತು, ಒಸಡು ಬಿಳಿಚಿತ್ತು, ನಾಡಿ ನಿಮಿಷಕ್ಕೆ ನೂರು ದಾಟಿತ್ತು. ಚರ್ಮ ಹರಿಯದಿದ್ದರೂ ಹೊಟ್ಟೆಯೊಳಗೆ ರಕ್ತ ಸೋರುತ್ತಿರುವ ಲಕ್ಷಣ ಅದು. ಸಲೈನ್ ಹಾಕಿ ಚಿಕಿತ್ಸೆ ಶುರು ಮಾಡಿದೆ.

ದೂರನ್ನು ಮತ್ತೆ ಬರೆಸಿದೆವು. ದಿನಾಂಕ, ಸಮಯ, ಸರ್ವೆ ನಂಬರು, ಆನೆ ಬಂದ ದಿಕ್ಕು ಮತ್ತು ಹೋದ ದಿಕ್ಕು. ಹಾಳಾದ ಬೆಳೆ ಎಷ್ಟು ಗುಂಟೆ, ಯಾವ ಹಂತದ್ದು. ರೈತರಿಗೆ ಆದ ಪೆಟ್ಟು, ಜೊತೆಗೆ ಆಸ್ಪತ್ರೆಯ ಚೀಟಿ. ಕೊನೆಗೆ ಆಕಳ ವಿಷಯ: ಕಿವಿಯೋಲೆಯ 12 ಅಂಕಿ, ಎಷ್ಟನೇ ಸೂಲು, ಗೋಡೆ ಬಿದ್ದದ್ದು ಯಾವ ಪಕ್ಕಕ್ಕೆ, ಈಗಿನ ಲಕ್ಷಣ ಏನು. ಹೆಜ್ಜೆಗುರುತು, ಲದ್ದಿ, ಬಿದ್ದ ಗೋಡೆಯ ಫೋಟೋಗಳನ್ನು ಸ್ವಚ್ಛ ಮಾಡುವ ಮೊದಲೇ ತೆಗೆದೆವು. ಅರ್ಜಿ ಕೊಟ್ಟು ಸ್ವೀಕೃತಿ ಪಡೆದರು.

ಮರುದಿನ ನಸುಕಿನಲ್ಲಿ ಆಕಳು ಸತ್ತಿತು. ರೈತರು ಹೂಳಲು ಹೊರಟಿದ್ದರು, ತಡೆದೆ. ಅರಣ್ಯ ಸಿಬ್ಬಂದಿ ಬಂದು ಮಹಜರು ಮಾಡಿದ ಮೇಲೆ ಮರಣೋತ್ತರ ಪರೀಕ್ಷೆ ನಡೆಸಿದೆ. ಎಡಗಡೆಯ ಎರಡು ಪಕ್ಕೆಲುಬು ಮುರಿದಿದ್ದವು, ಅದರ ಕೆಳಗೆ ಗುಲ್ಮ ಒಡೆದಿತ್ತು, ಹೊಟ್ಟೆ ತುಂಬ ರಕ್ತ. ಗೋಡೆ ಬಿದ್ದದ್ದು ಎಡಕ್ಕೆ ಎಂದು ಮತ್ತೆ ಬರೆಸಿದ ದೂರಿನಲ್ಲೇ ಇತ್ತು. ಎರಡೂ ಕಾಗದ ಒಂದೇ ಮಾತು ಹೇಳಿದವು.

ಮೊದಲ ಎರಡು ಸಾಲಿನ ಅರ್ಜಿಯೇ ಉಳಿದಿದ್ದರೆ ಏನಾಗುತ್ತಿತ್ತು? ಆನೆ ಬಂದ ಮರುದಿನ ಸತ್ತ ಆಕಳು ರೋಗದಿಂದ ಸತ್ತಿಲ್ಲ ಎಂದು ತೋರಿಸುವುದು ಕಷ್ಟ. ನನ್ನ ವರದಿ ಸಾವಿನ ಕಾರಣ ಹೇಳಬಲ್ಲದು. ಆ ಪೆಟ್ಟು ಆ ರಾತ್ರಿಯದೇ ಎಂದು ಹೇಳಬೇಕಾದದ್ದು ರೈತರ ದೂರು.

ನಮ್ಮ ಕಡೆ ತೋಳ ಕರುವಿನ ಮೇಲೆ ಬಿದ್ದರೂ ಕ್ರಮ ಇದೇ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ನಂತರ ಬರಹದಲ್ಲಿ ಕೊಡಿ. ಬದುಕಿರುವ ಪ್ರತಿಯೊಂದು ದನವನ್ನೂ ಅಂದೇ ಪಶುವೈದ್ಯರಿಗೆ ತೋರಿಸಿ, ಒಸಡಿನ ಬಣ್ಣ ನೋಡಿ. ಸತ್ತರೆ ಮಹಜರು ಮುಗಿಯುವವರೆಗೆ ಜಾಗ ಬದಲಿಸಬೇಡಿ.