ವಿಳಾಸವನ್ನು ಕೊನೆಯಿಂದ ಓದಿ

ಮಾದನಾಯಕನಹಳ್ಳಿಯವರಿಗೆ ಈಗ ಅಂಬೇಡ್ಕರ್ ವೀಧಿಯ ಸರ್ಕಾರಿ ಕಚೇರಿಗಳನ್ನು ತಲುಪುವುದು ಸುಲಭ. 2024ರ ನವೆಂಬರ್‌ನಲ್ಲಿ ಮೆಟ್ರೊ ಮಾದಾವರದವರೆಗೆ ಬಂತು. ಅಲ್ಲಿ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ, ವಿಧಾನಸೌಧ ನಿಲ್ದಾಣದಲ್ಲಿ ಇಳಿದರಾಯಿತು. ನಿಜವಾದ ಅಲೆದಾಟ ಶುರುವಾಗುವುದು ಕಟ್ಟಡದೊಳಗೆ ಕಾಲಿಟ್ಟ ಮೇಲೆ.

ಕೈಯಲ್ಲಿರುವ ಪತ್ರದಲ್ಲಿ ‘ಕೊಠಡಿ ಸಂಖ್ಯೆ 645-ಎ, 6ನೇ ಮಹಡಿ, 2ನೇ ದ್ವಾರ, ಬಹುಮಹಡಿ ಕಟ್ಟಡ’ ಎಂದಿದೆ ಎನ್ನೋಣ. ಕೊಠಡಿ ಮೊದಲು ಬರೆದಿದ್ದರೂ ಹುಡುಕುವಾಗ ಕೊನೆಯಿಂದ ಹೊರಡಬೇಕು: ಕಟ್ಟಡ, ದ್ವಾರ, ಮಹಡಿ, ಆಮೇಲೆ ಕೊಠಡಿ. ಹೆಚ್ಚಿನವರು ಎಡವುವುದು ದ್ವಾರದಲ್ಲಿ. ಎಂ.ಎಸ್. ಬಿಲ್ಡಿಂಗ್ ಎಂದೇ ಕರೆಯುವ ಈ ಬಹುಮಹಡಿ ಕಟ್ಟಡ ಬಹಳ ಉದ್ದ. ಯಾವ ಭಾಗದಲ್ಲಿ ಮೇಲೆ ಹತ್ತಬೇಕು ಎಂಬುದನ್ನು ದ್ವಾರದ ಸಂಖ್ಯೆಯೇ ಹೇಳುತ್ತದೆ. ಕಂಡ ಲಿಫ್ಟ್ ಹತ್ತಿ ಆರನೇ ಮಹಡಿಗೆ ಹೋದರೆ ಮಹಡಿ ಸರಿ, ಭಾಗ ತಪ್ಪು. ಪಕ್ಕದ ವಿಶ್ವೇಶ್ವರಯ್ಯ ಗೋಪುರದಲ್ಲೂ ಇದೇ ಕಥೆ. ಅಲ್ಲಿ ಮುಖ್ಯ ಗೋಪುರ, ಕಿರು ಗೋಪುರ, ಪೋಡಿಯಂ ಬ್ಲಾಕ್ ಬೇರೆಬೇರೆ. ‘ವಿ.ವಿ. ಟವರ್, 3ನೇ ಮಹಡಿ’ ಎಂದಷ್ಟೇ ಇದ್ದರೆ ಯಾವುದೆಂದು ಫೋನ್ ಮಾಡಿ ಕೇಳಿಕೊಂಡೇ ಹೊರಡಿ.

ಕೊಠಡಿ ಸಂಖ್ಯೆಯ ಮೊದಲ ಅಂಕಿ ಸಾಮಾನ್ಯವಾಗಿ ಮಹಡಿಯದು. ವಿಧಾನಸೌಧದ 323 ಮುಖ್ಯಮಂತ್ರಿಯವರ ಕಚೇರಿ. ಅದಿರುವುದು ಮೂರನೇ ಮಹಡಿಯಲ್ಲೇ. ನೆಲಮಹಡಿ ಈ ಲೆಕ್ಕಕ್ಕೆ ಸೇರುವುದಿಲ್ಲ; ಮೆಟ್ಟಿಲು ಹತ್ತುವವರು ಅದನ್ನೇ ಒಂದು ಎಂದು ಎಣಿಸಿ ಒಂದು ಮಹಡಿ ಕೆಳಗೇ ನಿಂತುಬಿಡುತ್ತಾರೆ. ಮಹಡಿಗೆ ಬಂದ ಮೇಲೆ ಅಕ್ಕಪಕ್ಕದ ಎರಡು ಬಾಗಿಲ ಸಂಖ್ಯೆ ನೋಡಿ. 638, 639 ಎಂದು ಏರುತ್ತಿದ್ದರೆ ಅದೇ ದಿಕ್ಕಿಗೆ ನಡೆಯಿರಿ. ಸಂಖ್ಯೆ ಥಟ್ಟನೆ ಹತ್ತಿಪ್ಪತ್ತು ಜಿಗಿದರೆ ಬೇರೆ ಭಾಗಕ್ಕೆ ದಾಟಿದ್ದೀರಿ ಎಂದು ತಿಳಿದು ಹಿಂದಿರುಗಿ. 645ರ ಮುಂದಿನ ‘ಎ’ ಹೆಚ್ಚಾಗಿ ಕೊಠಡಿಯನ್ನು ಪಾರ್ಟಿಷನ್ ಹಾಕಿ ಒಡೆದಾಗ ಬರುವ ಗುರುತು. ಅದು 645ರ ಪಕ್ಕದಲ್ಲಿರಬಹುದು, ಒಳಗೂ ಇರಬಹುದು. ಆದ್ದರಿಂದ 645ರಲ್ಲೇ ವಿಚಾರಿಸಿ.

ಇಷ್ಟಾದರೂ ಆ ಬಾಗಿಲ ಮೇಲೆ ಬೇರೆ ಇಲಾಖೆಯ ಬೋರ್ಡ್ ಇರಬಹುದು. ಕಚೇರಿಗಳು ಸ್ಥಳಾಂತರವಾಗುತ್ತವೆ, ಹಳೆಯ ಲೆಟರ್‌ಹೆಡ್ ಮಾತ್ರ ಚಲಾವಣೆಯಲ್ಲಿ ಉಳಿಯುತ್ತದೆ. ಆಗ ಕೊಠಡಿ ಸಂಖ್ಯೆಯನ್ನು ಬಿಟ್ಟು ಪತ್ರದ ಮೇಲ್ಭಾಗದ ಕಡತ ಸಂಖ್ಯೆ ಹಿಡಿಯಿರಿ. ‘ನಅಇ’ ಎಂದು ಶುರುವಾದರೆ ನಗರಾಭಿವೃದ್ಧಿ ಇಲಾಖೆ, ‘ಕಂಇ’ ಎಂದರೆ ಕಂದಾಯ ಇಲಾಖೆ. ಅಂಕಿಯ ನಂತರ ಬರುವ ಅಕ್ಷರಗಳು ಆ ಇಲಾಖೆಯ ಶಾಖೆಯನ್ನು ಸೂಚಿಸುತ್ತವೆ, ಕೊನೆಯದು ವರ್ಷ. ಇಲಾಖೆಯ ಯಾವುದೇ ಸಿಬ್ಬಂದಿಗೆ ಆ ಸಾಲು ತೋರಿಸಿದರೆ ಶಾಖೆ ಈಗ ಎಲ್ಲಿ ಕೂರುತ್ತದೆ ಎಂದು ಹೇಳಬಲ್ಲರು. ಹೊರಡುವಾಗ ಪತ್ರದ ಒಂದು ಜೆರಾಕ್ಸ್ ಇಟ್ಟುಕೊಳ್ಳಿ, ಕಡತ ಸಂಖ್ಯೆಯ ಸಾಲು ಅದರಲ್ಲಿ ಸ್ಪಷ್ಟವಾಗಿ ಬಂದಿರಲಿ.