ನುಂಗಲಾಗದ ಗಂಟಲು: ವೈರಸ್ಸೋ, ಬ್ಯಾಕ್ಟೀರಿಯವೋ?

ಹೆಗ್ಗಡದೇವನಕೋಟೆ ತಾಲ್ಲೂಕಿನ ಅಂತರಸಂತೆಯ ಸುತ್ತಮುತ್ತ ಹಾಗೂ ನೆರೆಯ ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪು ಮುಖ್ಯ ಬೆಳೆ. ಮಳೆಗಾಲದಲ್ಲಿ ಸೊಪ್ಪು ಮುರಿದು ಬ್ಯಾರನ್‌ಗಳಲ್ಲಿ ಸೌದೆಯ ಉರಿಯಿಂದ ಹದಗೊಳಿಸುವ ದಿನಗಳಲ್ಲೇ ನೆಗಡಿ, ಕೆಮ್ಮು, ಜ್ವರಗಳೂ ಹರಡುವುದರಿಂದ, ಒಂದೇ ಮನೆಯ ಇಬ್ಬರಿಗೆ ಒಂದೇ ವಾರದಲ್ಲಿ ಗಂಟಲು ನೋವು ಬಂದರೂ ಅವುಗಳ ಕಾರಣ ಬೇರೆಬೇರೆಯಾಗಿರಬಹುದು.

ಗಂಟಲು ನೋವುಗಳಲ್ಲಿ ಹೆಚ್ಚಿನವು ವೈರಸ್‌ಗಳಿಂದ ಬರುತ್ತವೆ. ಅವಕ್ಕೆ ಆಂಟಿಬಯೋಟಿಕ್ ಮಾತ್ರೆಗಳು ಕೆಲಸ ಮಾಡುವುದಿಲ್ಲ, ಸಾಮಾನ್ಯವಾಗಿ ವಾರದೊಳಗೆ ತಾವಾಗಿಯೇ ಇಳಿಯುತ್ತವೆ. ಬ್ಯಾಕ್ಟೀರಿಯಗಳಲ್ಲಿ ಮುಖ್ಯವಾಗಿ ಗಮನಿಸಬೇಕಾದುದು 'ಎ' ಗುಂಪಿನ ಸ್ಟ್ರೆಪ್ಟೊಕಾಕಸ್. ವಿಚಿತ್ರವೆಂದರೆ ಇದರಿಂದ ಬರುವ ನೋವೂ ಔಷಧಿಯಿಲ್ಲದೆ ಕೆಲವು ದಿನಗಳಲ್ಲಿ ಕಡಿಮೆಯಾಗುತ್ತದೆ, ಆಂಟಿಬಯೋಟಿಕ್ ಅದನ್ನು ಸುಮಾರು ಒಂದು ದಿನದಷ್ಟು ಮಾತ್ರ ಮುಂಚೆ ಇಳಿಸುತ್ತದೆ. ಹಾಗಿದ್ದೂ ಇದನ್ನು ಗುರುತಿಸಲು ವೈದ್ಯರು ಶ್ರಮಿಸುವುದು ಗಂಟಲಿಗಾಗಿ ಅಲ್ಲ, ಹೃದಯಕ್ಕಾಗಿ. ಈ ಬ್ಯಾಕ್ಟೀರಿಯದ ಮೇಲ್ಮೈಯಲ್ಲಿರುವ ಕೆಲವು ಅಂಶಗಳು ಹೃದಯದ ಅಂಗಾಂಶವನ್ನು ಹೋಲುವುದರಿಂದ, ಅದರ ವಿರುದ್ಧ ದೇಹ ಹೂಡುವ ಹೋರಾಟ ಎರಡು ಮೂರು ವಾರಗಳ ಬಳಿಕ ಹೃದಯದ ಕವಾಟಗಳ ಮೇಲೆಯೇ ತಿರುಗಬಹುದು. ಕೀಲುಗಳೂ ಊದಿಕೊಳ್ಳುವ ಈ ತೊಂದರೆಗೆ ರುಮ್ಯಾಟಿಕ್ ಜ್ವರವೆಂದು ಹೆಸರು. ಇದು ಹೆಚ್ಚಾಗಿ ಕಾಡುವುದು 5ರಿಂದ 15 ವರ್ಷದೊಳಗಿನ ಮಕ್ಕಳನ್ನು.

ವೈರಸ್‌ನ ನೋವನ್ನೂ ಸ್ಟ್ರೆಪ್ಟೊಕಾಕಸ್‌ನ ನೋವನ್ನೂ ಬೇರ್ಪಡಿಸಲು 1981ರಲ್ಲಿ ರಾಬರ್ಟ್ ಸೆಂಟರ್ ಮತ್ತು ಸಂಗಡಿಗರು ನಾಲ್ಕು ಲಕ್ಷಣಗಳನ್ನು ಆಧಾರವಾಗಿಟ್ಟು ಒಂದು ಸರಳ ಲೆಕ್ಕವನ್ನು ರೂಪಿಸಿದರು: 38 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಜ್ವರ, ಟಾನ್ಸಿಲ್‌ಗಳ ಮೇಲೆ ಬಿಳಿ ಕೀವಿನ ಲೇಪ ಅಥವಾ ಊತ, ಕತ್ತಿನ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಂಟುಗಳು, ಮತ್ತು ಕೆಮ್ಮು ಇಲ್ಲದಿರುವುದು. ಒಂದೊಂದಕ್ಕೂ ಒಂದು ಅಂಕ. ಮುಂದೆ ಇದಕ್ಕೆ ವಯಸ್ಸು ಸೇರಿತು. 3ರಿಂದ 14 ವರ್ಷದವರಿಗೆ ಒಂದು ಅಂಕ ಕೂಡುತ್ತದೆ, 45 ದಾಟಿದವರಿಗೆ ಒಂದು ಕಳೆಯುತ್ತದೆ.

ಬ್ಯಾರನ್ ಕಾಯುವ 47 ವರ್ಷದ ತಂದೆಗೆ ನೋವಿನ ಜೊತೆ ಕೆಮ್ಮು, ಮೂಗು ಸೋರುವುದು, ಒಡೆದ ದನಿ ಇದ್ದು, ಜ್ವರವಾಗಲಿ ಗಂಟಾಗಲಿ ಟಾನ್ಸಿಲ್‌ಗಳ ಮೇಲೆ ಲೇಪ, ಊತವಾಗಲಿ ಇಲ್ಲವೆಂದು ಭಾವಿಸಿದರೆ, ಅವನ ಅಂಕ ಸೊನ್ನೆಗಿಂತಲೂ ಕೆಳಗಿದೆ; ಹೊಗೆಯಿಂದ ದೂರವಿದ್ದು ಕಾಯುವುದೇ ಅವನಿಗೆ ಚಿಕಿತ್ಸೆ. ಅದೇ ಮನೆಯ 9 ವರ್ಷದ ಮಗಳಿಗೆ ಇದ್ದಕ್ಕಿದ್ದಂತೆ 39 ಡಿಗ್ರಿ ಜ್ವರ ಬಂದು, ಕೆಮ್ಮಿಲ್ಲದೆ, ಟಾನ್ಸಿಲ್ ಮೇಲೆ ಬಿಳಿ ಚುಕ್ಕೆಗಳೂ ಕತ್ತಿನಲ್ಲಿ ನೋಯುವ ಗಂಟುಗಳೂ ಕಂಡರೆ ಅಂಕ ಐದಾಗುತ್ತದೆ. ಇಷ್ಟಾದರೂ ಸ್ಟ್ರೆಪ್ಟೊಕಾಕಸ್ ಇರುವ ಸಾಧ್ಯತೆ ಸುಮಾರು ಅರ್ಧದಷ್ಟೇ, ಏಕೆಂದರೆ ಕೆಲವು ವೈರಸ್‌ಗಳೂ ಟಾನ್ಸಿಲ್ ಮೇಲೆ ಬಿಳಿ ಲೇಪ ಮೂಡಿಸುತ್ತವೆ. ಆದ್ದರಿಂದ ಬಾಯಿ ತೆರೆಸಿ ನೋಡಿದ ಮಾತ್ರಕ್ಕೆ ಖಚಿತವಾಗಿ ಹೇಳಲಾಗದು. ಗಂಟಲಿನಿಂದ ಹತ್ತಿಕಡ್ಡಿಯಲ್ಲಿ ತೆಗೆದ ದ್ರವವನ್ನು ಪರೀಕ್ಷಿಸಿದರೆ ಉತ್ತರ ದೊರೆಯುತ್ತದೆ, ಆ ಸೌಲಭ್ಯವಿಲ್ಲದ ಕಡೆ ವೈದ್ಯರು ಲಕ್ಷಣಗಳ ಮೇಲೆಯೇ ನಿರ್ಧರಿಸಬೇಕಾಗುತ್ತದೆ. ನೋವು ಶುರುವಾದ 9 ದಿನಗಳೊಳಗೆ ಪೆನಿಸಿಲಿನ್ ಆರಂಭಿಸಿದರೂ ರುಮ್ಯಾಟಿಕ್ ಜ್ವರ ತಪ್ಪುತ್ತದೆಯಾದ್ದರಿಂದ, ಪರೀಕ್ಷೆಯ ಫಲಿತಾಂಶಕ್ಕೆ ಒಂದೆರಡು ದಿನ ಕಾದರೆ ಅಪಾಯವಿಲ್ಲ. ಎಡವುವುದು ಬೇರೊಂದು ಕಡೆ: ಬಾಯಿಯ ಮೂಲಕ ಕೊಡುವ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ 10 ದಿನ ನಡೆಯಬೇಕು, ಮೂರನೆಯ ದಿನಕ್ಕೆ ನೋವು ಹೋಯಿತೆಂದು ಅದನ್ನು ನಿಲ್ಲಿಸುವವರೇ ಹೆಚ್ಚು.

ಈ ನಡುವೆ ಶಮನಕ್ಕೆ ಪ್ಯಾರಸಿಟಮಾಲ್ ಸಾಕು; ಮಗುವಿನ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ ಲೆಕ್ಕದಲ್ಲಿ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕೆ ಮೀರದಂತೆ ಕೊಡಬಹುದು. ಆಸ್ಪಿರಿನ್ ಮಕ್ಕಳಿಗೆ ಸಲ್ಲದು. ಒಂದು ಲೋಟ ಉಗುರುಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ ಗಂಟಲಿನಲ್ಲಿ ಗಳಗಳಿಸಿ ಉಗುಳುವುದರಿಂದ ಸ್ವಲ್ಪ ಹೊತ್ತು ಹಾಯೆನಿಸುತ್ತದೆ, ಆದರೆ ಅದು ಸೋಂಕನ್ನು ಕೊಲ್ಲುವುದಿಲ್ಲ. ಜೇನುತುಪ್ಪ ಒಂದು ವರ್ಷದೊಳಗಿನ ಕೂಸಿಗೆ ಬೇಡ. ಮುದ್ದೆಯನ್ನು ಅಗಿಯದೆ ನುಂಗುವ ಈ ಸೀಮೆಯಲ್ಲಿ ನೋಯುವ ಗಂಟಲಿಗೆ ಮುದ್ದೆಯೇ ಶಿಕ್ಷೆಯಾಗುವುದರಿಂದ, ಆರಿದ ರಾಗಿ ಗಂಜಿ, ಮೆತ್ತನೆಯ ಅನ್ನ, ತಿಳಿಸಾರು ಹೊಂದುತ್ತವೆ. ನೀರು ಕುಡಿಯದೆ ಮೂತ್ರ ಕಡಿಮೆಯಾಗುವುದು ನಿಜವಾದ ಎಚ್ಚರಿಕೆ.

ಜೊಲ್ಲನ್ನೂ ನುಂಗಲಾಗದೆ ಸುರಿಸುವುದು, ಬಾಯಿ ತೆರೆಯಲಾಗದಿರುವುದು, ಉಸಿರೆಳೆದಾಗ ಸದ್ದು ಬರುವುದು, ಗಂಟಲಿನ ಒಂದೇ ಬದಿ ಊದುವುದು, ಅಥವಾ ಟಾನ್ಸಿಲ್‌ಗೆ ಅಂಟಿಕೊಂಡು ಕೆರೆದರೆ ರಕ್ತ ಬರುವ ಬೂದು ಬಣ್ಣದ ಪದರ ಕಾಣುವುದು ಈ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಕೊನೆಯದು ಡಿಫ್ತೀರಿಯಾ, ಎಂದರೆ ಗಂಟಲುಮಾರಿಯ ಗುರುತಾಗಿರಬಹುದು. ಅಂಥ ರೋಗಿಯನ್ನು ಬೆಳಗಾಗಲೆಂದು ಮನೆಯಲ್ಲಿ ಇಟ್ಟುಕೊಳ್ಳದೆ ಅದೇ ಹೊತ್ತಿನಲ್ಲಿ ಆಸ್ಪತ್ರೆಗೆ ಒಯ್ಯಬೇಕು.